‘ರೇಟ್ ಎಷ್ಟು?’ ಎಂದು ಕೇಳಿದವರಿಗೆ ಏನು ಬರೆಯಬೇಕು: ಮದುಮಗಳ ಮೇಕಪ್ ಮಾಡುವವರಿಗೆ ಒಂದು ಮಾರ್ಗದರ್ಶಿ

ಬಳ್ಳಾರಿಯಲ್ಲಿ ಮದುಮಗಳ ಅಲಂಕಾರ ಮಾಡುವವರ ಇನ್‌ಸ್ಟಾಗ್ರಾಂ ತೆರೆದು ನೋಡಿದರೆ, ಬರುವ ಹೆಚ್ಚಿನ ಮೆಸೇಜುಗಳು ಒಂದೇ ಸಾಲಿನವು. ‘ಬ್ರೈಡಲ್ ಮೇಕಪ್ ರೇಟ್?’ ದಿನಾಂಕ, ಊರು, ಹೆಸರು ಯಾವುದೂ ಇರುವುದಿಲ್ಲ. ಹೀಗೆ ಕೇಳುವವರು ಕಾಲಹರಣ ಮಾಡುತ್ತಿದ್ದಾರೆಂದು ಬೇಸರಪಟ್ಟುಕೊಳ್ಳುವುದು ತಪ್ಪು. ಮದುವೆ ಗೊತ್ತಾದ ಮನೆಯಲ್ಲಿ ಯಾರೋ ಒಬ್ಬರಿಗೆ, ಸಾಮಾನ್ಯವಾಗಿ ಮದುಮಗಳಿಗೇ ಅಥವಾ ಅವಳ ಅಕ್ಕ–ತಂಗಿಯರಿಗೆ, ನಾಲ್ಕೈದು ಜನರ ದರ ವಿಚಾರಿಸುವ ಕೆಲಸ ಒಪ್ಪಿಸಿರುತ್ತಾರೆ. ಅವರು ಒಂದೇ ಪ್ರಶ್ನೆಯನ್ನು ಎಲ್ಲರಿಗೂ ಕಳಿಸುತ್ತಾರೆ. ಬಂದ ಉತ್ತರಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಅಪ್ಪನಿಗೋ ಸೋದರಮಾವನಿಗೋ ಫಾರ್ವರ್ಡ್ ಮಾಡುತ್ತಾರೆ. ನಿರ್ಧಾರ ಅಲ್ಲಿ, ನೀವಿಲ್ಲದ ಜಾಗದಲ್ಲಿ ಆಗುತ್ತದೆ.

ಈ ಮಾರ್ಗದರ್ಶಿಯಲ್ಲಿ ಹೇಳುವ ಎಲ್ಲವೂ ಈ ಸಂಗತಿಯಿಂದ ಹುಟ್ಟಿದ್ದು. ನೀವು ಬರೆಯುವ ಉತ್ತರ ಕೇಳಿದವರಿಗೆ ಅರ್ಥವಾದರೆ ಸಾಲದು. ನಿಮ್ಮ ಹೆಸರನ್ನೇ ಕೇಳಿರದ ಅಪ್ಪನ ಮೊಬೈಲಿನಲ್ಲೂ ಅದೊಂದೇ ನಿಂತು ಅರ್ಥ ಕೊಡಬೇಕು. ಹಾಗಾಗಿ ‘ಕಾಲ್ ಮಾಡಿ, ಹೇಳುತ್ತೇನೆ’ ಎಂಬ ಉತ್ತರ ಆ ಮನೆಯ ಚರ್ಚೆಗೆ ಹೋಗುವುದೇ ಇಲ್ಲ. ‘ಪ್ಯಾಕೇಜ್ ಮೇಲೆ ಅವಲಂಬಿತ’ ಎಂಬುದೂ ಅಷ್ಟೇ.

ಬರೆಯುವ ಮುನ್ನ: ನಿಮ್ಮದೇ ಲೆಕ್ಕ

ಟೆಂಪ್ಲೇಟ್ ಬರೆಯಲು ಕೂರುವ ಮೊದಲು ಕಾಗದದ ಮೇಲೆ ಒಂದು ದರವನ್ನು ನಿಶ್ಚಯಿಸಿಕೊಳ್ಳಿ. ನಮ್ಮ ಭಾಗದಲ್ಲಿ ಎಷ್ಟೋ ಮದುವೆಗಳಲ್ಲಿ ಹಿಂದಿನ ಸಂಜೆ ಆರತಕ್ಷತೆ, ಮರುದಿನ ಬೆಳಿಗ್ಗೆ ಮುಹೂರ್ತ. ಅಂದರೆ ಒಬ್ಬ ಮದುಮಗಳಿಗೆ ಎರಡು ಅಲಂಕಾರ, ಎರಡು ಸೀರೆ ಅಥವಾ ಒಂದು ಲೆಹೆಂಗಾ ಮತ್ತು ಒಂದು ಸೀರೆ, ಎರಡು ಬಗೆಯ ಜಡೆ. ನಿಮ್ಮಲ್ಲಿ ಹೆಚ್ಚು ಜನ ಯಾವುದನ್ನು ಆರಿಸುತ್ತಾರೋ ಆ ಕೆಲಸದ ಪೂರ್ತಿ ದರವೇ ನಿಮ್ಮ ಮುಖ್ಯ ದರ.

ಇಲ್ಲಿ ಉದಾಹರಣೆಗೆಂದು ಹೀಗೆ ಇಟ್ಟುಕೊಳ್ಳೋಣ: ಮುಹೂರ್ತಕ್ಕೆ ಮಾತ್ರವಾದರೆ 12,000 ರೂಪಾಯಿ, ಆರತಕ್ಷತೆಯೂ ಸೇರಿದರೆ 18,000. ತಾಯಿ, ಅಕ್ಕ, ಅತ್ತಿಗೆ ಯಾರಿಗೇ ಆಗಲಿ ತಲಾ 1,500. ಊರ ಹೊರಗಾದರೆ ಕಾರಿನ ಬಾಡಿಗೆ ಬೇರೆ. ಈ ಅಂಕಿಗಳ ಜಾಗದಲ್ಲಿ ನಿಮ್ಮ ಅಂಕಿಗಳನ್ನು ಹಾಕಿಕೊಳ್ಳಿ.

‘8,000ದಿಂದ ಆರಂಭ’ ಎಂದು ಬರೆಯುವ ಅಭ್ಯಾಸ ಬಹಳ ಮಂದಿಗಿದೆ. ನಾನು ಅದನ್ನು ಬೇಡವೆನ್ನುತ್ತೇನೆ. ಓದುವವರ ಮನಸ್ಸಿನಲ್ಲಿ ‘ಆರಂಭ’ ಎಂಬ ಪದ ಅಳಿಸಿಹೋಗಿ 8,000 ಮಾತ್ರ ಉಳಿಯುತ್ತದೆ. ಆಮೇಲೆ ಸೀರೆ ಉಡಿಸಲು ಇಷ್ಟು, ಜಡೆಗೆ ಇಷ್ಟು ಎಂದು ಸೇರಿಸುತ್ತಾ ಹೋದಂತೆ, ನೀವು ನ್ಯಾಯವಾದುದನ್ನೇ ಕೇಳಿದರೂ ಮೋಸದಂತೆ ಕಾಣುತ್ತದೆ. ಪೂರ್ತಿ ದರವನ್ನು ಮೊದಲೇ ಹೇಳಿ, ಬೇಡವಾದುದನ್ನು ತೆಗೆದರೆ ಕಡಿಮೆಯಾಗುವಂತಿದ್ದರೆ ಮಾತು ಪ್ರತಿ ಬಾರಿಯೂ ಅವರಿಗೆ ಹಿತವಾಗುವ ಕಡೆಗೇ ಸಾಗುತ್ತದೆ.

ಮೊದಲ ಉತ್ತರ

ಮೊದಲ ಉತ್ತರದಲ್ಲಿ ಮೂರೇ ಸಂಗತಿಗಳಿರಲಿ: ದರ, ಅದರಲ್ಲಿ ಏನೇನು ಸೇರಿದೆ, ಮತ್ತು ಒಂದೇ ಒಂದು ಪ್ರಶ್ನೆ.

> ನಮಸ್ಕಾರ. ವಿಚಾರಿಸಿದ್ದಕ್ಕೆ ಸಂತೋಷ.
>
> ಮದುಮಗಳ ಅಲಂಕಾರ, ಹಿಂದಿನ ಸಂಜೆಯ ಆರತಕ್ಷತೆ ಮತ್ತು ಬೆಳಗಿನ ಮುಹೂರ್ತ ಎರಡೂ ಸೇರಿ: ₹18,000. ಮುಹೂರ್ತಕ್ಕೆ ಮಾತ್ರ: ₹12,000.
>
> ಇದರಲ್ಲಿ ಮೇಕಪ್, ಜಡೆ, ಸೀರೆ ಉಡಿಸುವುದು, ಒಡವೆ ತೊಡಿಸುವುದು ಎಲ್ಲ ಸೇರಿದೆ. ಹೂವು ಮತ್ತು ಒಡವೆ ನಿಮ್ಮವು. ಬಳ್ಳಾರಿ ಊರೊಳಗೆ ಪ್ರಯಾಣದ ಖರ್ಚು ಇಲ್ಲ.
>
> ಮದುವೆ ಯಾವ ದಿನಾಂಕಕ್ಕೆ, ಯಾವ ಊರಿನಲ್ಲಿ? ಆ ದಿನ ನಾನು ಬಿಡುವಿದ್ದೇನೆಯೇ ಎಂದು ಡೈರಿ ನೋಡಿ ಈಗಲೇ ಹೇಳುತ್ತೇನೆ.
>
> (ನಿಮ್ಮ ಹೆಸರು, ಸ್ಟುಡಿಯೊ ಇರುವ ಬಡಾವಣೆ, ಬಳ್ಳಾರಿ)

ಕೊನೆಯ ಸಾಲಿನಲ್ಲಿ ಹೆಸರು ಮತ್ತು ಊರು ಇರುವುದು ಫಾರ್ವರ್ಡ್ ಆದ ಮೇಲೂ ಮೆಸೇಜು ಯಾರದೆಂದು ತಿಳಿಯಲಿ ಎಂದು. ಹೂವು ಯಾರದೆಂಬ ಮಾತು ಚಿಕ್ಕದೆನಿಸಬಹುದು. ಮೊಗ್ಗಿನ ಜಡೆ ಹಾಕಬೇಕೆಂದರೆ ಹಿಂದಿನ ದಿನವೇ ಹೂವಿನವರಿಗೆ ಹೇಳಿರಬೇಕು. ಅದನ್ನು ನೀವು ತರುತ್ತೀರೆಂದು ಅವರು, ಅವರು ತರುತ್ತಾರೆಂದು ನೀವು ಕುಳಿತರೆ ಮುಹೂರ್ತದ ಹೊತ್ತಿಗೆ ಜಗಳವಾಗುವುದು ಅದರಿಂದಲೇ.

ಪ್ರಶ್ನೆಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ದಿನಾಂಕವನ್ನೇ ಕೇಳುವುದಕ್ಕೆ ಕಾರಣವಿದೆ. ಯಾರನ್ನೂ ಕೇಳದೆ ಅವರು ಕೂಡಲೇ ಉತ್ತರಿಸಬಹುದಾದ ಪ್ರಶ್ನೆ ಅದೊಂದೇ. ‘ನಿಮ್ಮ ಬಜೆಟ್ ಎಷ್ಟು?’ ಎಂದರೆ ಮನೆಯಲ್ಲಿ ಕೇಳಬೇಕಾಗುತ್ತದೆ, ಮುಜುಗರವೂ ಆಗುತ್ತದೆ. ‘ಎಚ್‌ಡಿ ಬೇಕೋ ಏರ್‌ಬ್ರಶ್ ಬೇಕೋ?’ ಎಂದರೆ ಅನೇಕರಿಗೆ ವ್ಯತ್ಯಾಸ ಗೊತ್ತಿರುವುದಿಲ್ಲ, ಗೊತ್ತಿಲ್ಲವೆಂದು ಹೇಳಲು ಇಷ್ಟವಿಲ್ಲದೆ ಸುಮ್ಮನಾಗುತ್ತಾರೆ. ದಿನಾಂಕ ಹಾಗಲ್ಲ. ಅದನ್ನು ಹೇಳಿದ ಕೂಡಲೇ ಮಾತು ದರದಿಂದ ಅವರ ಮದುವೆಯ ಕಡೆಗೆ ತಿರುಗುತ್ತದೆ. ಮುಂದಿನ ಮೆಸೇಜು ಅವರಿಂದ ಬಂದರೆ, ಅದರ ಮುಂದಿನದು ಬುಕಿಂಗ್ ಕುರಿತೇ ಆಗಿರುತ್ತದೆ.

ಇನ್ನೊಂದು ಕಾರಣ ಪಂಚಾಂಗ. ಆಷಾಢದಲ್ಲಿ ಮದುವೆಗಳಿಲ್ಲ. ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿಯವರೆಗಿನ ಧನುರ್ಮಾಸದಲ್ಲೂ ಸಾಮಾನ್ಯವಾಗಿ ಇಲ್ಲ. ಉಳಿದ ತಿಂಗಳುಗಳಲ್ಲೂ ಒಳ್ಳೆಯ ಮುಹೂರ್ತಗಳು ಕೆಲವೇ ದಿನಗಳಿಗೆ ಬಂದು ಸೇರುವುದರಿಂದ ಒಂದೇ ದಿನಕ್ಕೆ ಮೂರು ಮನೆಯವರು ಕೇಳುವುದು ಅಪರೂಪವೇನಲ್ಲ. ನಿಮ್ಮ ಬಳಿ ಮಾರಲು ಇರುವುದು ದಿನಗಳೇ. ಅದಕ್ಕೇ ಮಾತು ದಿನದಿಂದ ಶುರುವಾಗಬೇಕು.

ಫೋಟೊಗಳನ್ನು ಈ ಹಂತದಲ್ಲಿ ಗುಡ್ಡೆ ಹಾಕಬೇಡಿ. ಅವರು ನಿಮ್ಮ ಫೋಟೊ ನೋಡಿಯೇ ಮೆಸೇಜ್ ಮಾಡಿದ್ದಾರೆ. ಹತ್ತು ಚಿತ್ರಗಳ ಕೆಳಗೆ ನಿಮ್ಮ ಪ್ರಶ್ನೆ ಹೂತುಹೋಗುತ್ತದೆ.

ಮೊಬೈಲಿನಲ್ಲಿ ಉಳಿಸಿಕೊಳ್ಳುವುದು

ವಾಟ್ಸ್‌ಆ್ಯಪ್ ಬಿಸಿನೆಸ್‌ನಲ್ಲಿ `Business tools` ಒಳಗೆ `Quick replies` ಇದೆ. ಅಲ್ಲಿ ಮೇಲಿನ ಉತ್ತರವನ್ನು ಹಾಕಿ, ಶಾರ್ಟ್‌ಕಟ್ ಆಗಿ `bele` ಎಂದು ಕೊಡಿ. ಚಾಟ್‌ನಲ್ಲಿ `/bele` ಎಂದು ಒತ್ತಿದರೆ ಇಡೀ ಉತ್ತರ ಕಾಣಿಸುತ್ತದೆ. ಇನ್‌ಸ್ಟಾಗ್ರಾಂನಲ್ಲಿ ವೃತ್ತಿಪರ ಖಾತೆ ಇದ್ದರೆ `Saved replies` ಎಂಬ ಹೆಸರಿನಲ್ಲಿ ಇದೇ ಸೌಲಭ್ಯವಿದೆ. ನಿಮ್ಮನ್ನು ಫಾಲೋ ಮಾಡದವರ ಮೆಸೇಜು ಇನ್‌ಸ್ಟಾಗ್ರಾಂನಲ್ಲಿ `Requests` ಒಳಗೆ ಹೋಗಿ ಕೂರಬಹುದು, ಮುಖ್ಯ ಪಟ್ಟಿಯಲ್ಲಿ ಕಾಣುವುದಿಲ್ಲ. ದಿನಕ್ಕೆರಡು ಸಲ ಅದನ್ನು ತೆರೆದು ನೋಡುವುದು ರೂಢಿಯಾಗಲಿ.

ಉಳಿಸಿದ ಉತ್ತರವನ್ನು ಹಾಗೆಯೇ ಕಳಿಸಬೇಡಿ. ಕೇಳಿದವರ ಹೆಸರು ಪ್ರೊಫೈಲಿನಲ್ಲಿ ಕಂಡರೆ ‘ನಮಸ್ಕಾರ’ದ ಮುಂದೆ ಅದನ್ನು ಸೇರಿಸಿ. ಅವರು ಏನಾದರೂ ವಿಶೇಷವಾಗಿ ಕೇಳಿದ್ದರೆ, ‘ನಿಶ್ಚಿತಾರ್ಥಕ್ಕೂ ಮಾಡುತ್ತೀರಾ?’ ಎಂದಿದ್ದರೆ, ಮೊದಲ ಸಾಲಿನಲ್ಲೇ ಅದಕ್ಕೆ ಉತ್ತರಿಸಿ. ಬಳ್ಳಾರಿಯಲ್ಲಿ ತೆಲುಗಿನಲ್ಲಿ ಕೇಳುವವರು ಬಹಳ, ರಾಯಚೂರಿನ ಕಡೆಯಿಂದಲೂ ಹಾಗೆಯೇ. ಕೇಳಿದ ಭಾಷೆಯಲ್ಲೇ ಉತ್ತರ ಸಿಕ್ಕರೆ ಅದು ಮನೆಯ ಹಿರಿಯರವರೆಗೂ ಸಲೀಸಾಗಿ ಹೋಗುತ್ತದೆ. ಅದಕ್ಕೆ ಇದೇ ಟೆಂಪ್ಲೇಟಿನ ತೆಲುಗು ರೂಪವೊಂದನ್ನು, ಆ ಭಾಷೆ ಚೆನ್ನಾಗಿ ಬಲ್ಲವರಿಂದ ಬರೆಸಿ ಇಟ್ಟುಕೊಳ್ಳಿ.

ದಿನಾಂಕ ಬಂದ ಮೇಲೆ: ಒಂದು ಉದಾಹರಣೆ

ಸಿರುಗುಪ್ಪದ ಒಂದು ಮನೆಯಿಂದ ರಾತ್ರಿ ‘ರೇಟ್?’ ಎಂದು ಬಂತೆನ್ನೋಣ. ನೀವು ಬೆಳಿಗ್ಗೆ ಮೇಲಿನ ಉತ್ತರ ಕಳಿಸಿದಿರಿ. ಮಧ್ಯಾಹ್ನ ಅವರು ಬರೆದರು: ‘ಫೆಬ್ರವರಿ 12, ಸಿರುಗುಪ್ಪ. ಹಿಂದಿನ ದಿನ ಆರತಕ್ಷತೆ ಇದೆ. ಅಮ್ಮ ಮತ್ತು ಅಕ್ಕನಿಗೂ ಬೇಕು.’

ಈಗ ಕೇಳಬೇಕಾದುದು ಮುಹೂರ್ತದ ವೇಳೆ. ಇದನ್ನು ಕೇಳದೆ ಒಟ್ಟು ಮೊತ್ತ ಹೇಳುವುದು ಅಪಾಯ. ಮುಹೂರ್ತ ಬೆಳಿಗ್ಗೆ 6.10ಕ್ಕೆ ಎನ್ನುತ್ತಾರೆ. ಹಿಂದಕ್ಕೆ ಎಣಿಸಿ: ಮದುಮಗಳು ಅರ್ಧ ಗಂಟೆ ಮೊದಲು, ಅಂದರೆ 5.40ಕ್ಕೆ ಸಿದ್ಧವಾಗಿರಬೇಕು. ಮೇಕಪ್, ಜಡೆ, ಸೀರೆ, ಒಡವೆ ಎಲ್ಲಕ್ಕೂ ಎರಡೂವರೆ ಗಂಟೆ ಬೇಕು. ಎಂದರೆ ಬೆಳಗಿನ ಜಾವ ಮೂರಕ್ಕೆ ಕೆಲಸ ಶುರು. ಅಮ್ಮ ಮತ್ತು ಅಕ್ಕನಿಗೆ ಅದೇ ಹೊತ್ತಿನಲ್ಲಿ ನಿಮ್ಮ ಸಹಾಯಕಿ ಮಾಡಬೇಕು. ಬಳ್ಳಾರಿಯಿಂದ ಸಿರುಗುಪ್ಪ ಐವತ್ತು ಕಿಲೋಮೀಟರಿಗಿಂತ ಹೆಚ್ಚು. ಆರತಕ್ಷತೆ ಮುಗಿಸಿ ರಾತ್ರಿ ಹಿಂದಿರುಗಿ ಮತ್ತೆ ಒಂದೂವರೆಗೆ ಹೊರಡುವುದು ಆಗದ ಮಾತು. ಕಲ್ಯಾಣ ಮಂಟಪದಲ್ಲಿ ನಿಮಗೂ ಸಹಾಯಕಿಗೂ ಬಾಗಿಲು ಹಾಕಿಕೊಳ್ಳುವಂಥ ಒಂದು ಕೋಣೆ ಬೇಕು. ಅದನ್ನು ಕೇಳಲು ಸಂಕೋಚಪಡಬಾರದು. ಅದು ಬುಕಿಂಗ್‌ನ ಷರತ್ತೇ ಆಗಿರಬೇಕು.

ಆಗ ಎರಡನೆಯ ಉತ್ತರ ಹೀಗಿರುತ್ತದೆ:

> ಶುಭಾಶಯಗಳು. ಫೆಬ್ರವರಿ 11ರ ಸಂಜೆ ಮತ್ತು 12ರ ಬೆಳಿಗ್ಗೆ ಎರಡೂ ಸದ್ಯಕ್ಕೆ ಖಾಲಿ ಇವೆ.
>
> ಮದುಮಗಳಿಗೆ ಎರಡೂ ಹೊತ್ತು: 18,000
> ಅಮ್ಮ ಮತ್ತು ಅಕ್ಕ, ಮುಹೂರ್ತಕ್ಕೆ: 3,000
> ಸಿರುಗುಪ್ಪಕ್ಕೆ ಕಾರು, ಹೋಗಿ ಬರಲು: 2,500
> ಒಟ್ಟು: ₹23,500
>
> ಮುಹೂರ್ತ 6.10ಕ್ಕೆ ಇರುವುದರಿಂದ ಬೆಳಗಿನ ಜಾವ 3 ಗಂಟೆಗೆ ಶುರು ಮಾಡುತ್ತೇವೆ. ಆ ರಾತ್ರಿ ನಮ್ಮಿಬ್ಬರಿಗೆ ಮಂಟಪದಲ್ಲಿ ಒಂದು ಕೋಣೆ ಬೇಕಾಗುತ್ತದೆ.
>
> ಮನೆಯಲ್ಲಿ ಮಾತಾಡಿಕೊಳ್ಳಿ. ನಾಡಿದ್ದು ಸಂಜೆ 6ರವರೆಗೆ ಈ ದಿನಾಂಕವನ್ನು ನಿಮಗಾಗಿ ಹಿಡಿದಿಡುತ್ತೇನೆ. ಅಲ್ಲಿಯವರೆಗೆ ಬೇರೆಯವರಿಗೆ ಕೊಡುವುದಿಲ್ಲ.

ಇದರಲ್ಲಿ ಬುಕಿಂಗ್ ಕಡೆಗೆ ನಡೆಸುವ ಸಾಲು ಕೊನೆಯದು. ‘ಬೇಗ ಬುಕ್ ಮಾಡಿ, ದಿನಗಳು ಮುಗಿಯುತ್ತಿವೆ’ ಎಂಬ ಒತ್ತಡಕ್ಕೂ ಇದಕ್ಕೂ ಬಹಳ ಅಂತರವಿದೆ. ಇಲ್ಲಿ ನೀವು ಅವರಿಗೆ ಏನನ್ನೋ ಕೊಡುತ್ತಿದ್ದೀರಿ: ಮನೆಯವರೊಂದಿಗೆ ಮಾತಾಡಲು ಸಮಯ, ಮತ್ತು ಆ ಸಮಯದಲ್ಲಿ ದಿನ ಕೈತಪ್ಪದೆಂಬ ಭರವಸೆ. ಹಿಡಿದಿಡುತ್ತೇನೆಂದ ಮೇಲೆ ನಿಜವಾಗಿಯೂ ಹಿಡಿದಿಡಬೇಕು. ಆ ನಡುವೆ ಹೆಚ್ಚು ಹಣ ಕೊಡುವವರು ಬಂದರೂ ‘ನಾಡಿದ್ದು ಸಂಜೆ ತಿಳಿಸುತ್ತೇನೆ’ ಎನ್ನಬೇಕು. ಬೇರೆ ಯಾರೂ ಕೇಳದಿದ್ದಾಗ ‘ಇನ್ನಿಬ್ಬರು ಕೇಳುತ್ತಿದ್ದಾರೆ’ ಎಂದು ಬರೆಯಬೇಡಿ. ನಮ್ಮ ಊರುಗಳಲ್ಲಿ ಮಂಟಪದವರು, ಹೂವಿನವರು, ಫೋಟೊದವರು ಎಲ್ಲರೂ ಒಬ್ಬರಿಗೊಬ್ಬರು ಗೊತ್ತು. ಇಂಥ ಸುಳ್ಳು ಬೇಗ ಬಯಲಾಗುತ್ತದೆ.

ನಾಡಿದ್ದು ಎಂದು ಎರಡು ದಿನ ಕೊಡುವುದು ಅಂದಾಜಿನ ಮಾತಲ್ಲ. ಒಂದೇ ದಿನವೆಂದರೆ ಊರಲ್ಲಿಲ್ಲದ ಅಣ್ಣನನ್ನೋ ಗಂಡಿನ ಮನೆಯವರನ್ನೋ ಕೇಳಲು ಆಗುವುದಿಲ್ಲ. ಒಂದು ವಾರವೆಂದರೆ ಮುಂದೂಡಿ ಮರೆಯುತ್ತಾರೆ.

ಮುಂಗಡ

ಅವರು ‘ಸರಿ, ಮಾಡೋಣ’ ಎಂದಾಗ ಮಾತ್ರ ಮುಂಗಡದ ಮೆಸೇಜ್. ಮೊದಲೇ ಯುಪಿಐ ಸಂಖ್ಯೆ ಕಳಿಸಿದರೆ ಅಪರಿಚಿತರು ಹಣ ಕೇಳಿದಂತಾಗುತ್ತದೆ. ಹಿಂದಿರುಗಿಸುವ ನಿಯಮವನ್ನು ಹಣ ಬರುವ ಮೊದಲೇ ಹೇಳಿಬಿಡಿ:

> ತುಂಬಾ ಸಂತೋಷ. ₹5,000 ಮುಂಗಡ ಬಂದ ಕೂಡಲೇ ದಿನಾಂಕ ನಿಮ್ಮ ಹೆಸರಿಗೆ ಖಚಿತವಾಗುತ್ತದೆ. ಉಳಿದ ₹18,500 ಮುಹೂರ್ತದ ದಿನ ಅಲಂಕಾರ ಮುಗಿದ ಮೇಲೆ.
>
> ಮದುವೆಯ ದಿನ ಬದಲಾದರೆ, ಹೊಸ ದಿನ ನನಗೆ ಬಿಡುವಿದ್ದರೆ ಇದೇ ಮುಂಗಡ ಅದಕ್ಕೆ ಸಲ್ಲುತ್ತದೆ. ಮದುವೆಗೆ 30 ದಿನ ಮೊದಲೇ ರದ್ದು ಮಾಡಿದರೆ ಪೂರ್ತಿ ಹಿಂದಿರುಗಿಸುತ್ತೇನೆ, ಆಮೇಲೆ ಇಲ್ಲ. ನನ್ನಿಂದಲೇ ಬರಲಾಗದಿದ್ದರೆ ಪೂರ್ತಿ ವಾಪಸ್.

30 ದಿನ ಎಂಬುದು ನಿಮ್ಮ ಅನುಕೂಲಕ್ಕೆ ಬಿಟ್ಟದ್ದು. ನಿಯಮ ಬರವಣಿಗೆಯಲ್ಲಿ ಇರಬೇಕೆಂಬುದು ಮುಖ್ಯ, ಏಕೆಂದರೆ ಅದೂ ಫಾರ್ವರ್ಡ್ ಆಗುತ್ತದೆ. ನನ್ನಿಂದ ಬರಲಾಗದಿದ್ದರೆ ಎಂಬ ಕೊನೆಯ ಸಾಲನ್ನು ದಯವಿಟ್ಟು ಬಿಡಬೇಡಿ. ಹಣ ಕೊಡುವ ತಂದೆಯ ಮನಸ್ಸಿನಲ್ಲಿರುವ ಭಯ ಅದೇ.

ಒಂದು ಎಚ್ಚರ. ಒಟ್ಟು ಮೊತ್ತವನ್ನು ಪ್ರಶ್ನಿಸದೆ ಒಪ್ಪಿ, ‘ಮುಂಗಡ ಕಳಿಸುತ್ತೇನೆ, ಈ ಕ್ಯುಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ’ ಎನ್ನುವವರು ವಂಚಕರು. ಯುಪಿಐನಲ್ಲಿ ಹಣ ಪಡೆಯಲು ಪಿನ್ ಬೇಕಾಗುವುದೇ ಇಲ್ಲ. ಹಣ ಬಂದಿದೆಯೆಂದು ಸ್ಕ್ರೀನ್‌ಶಾಟ್ ಕಳಿಸಿದರೆ ಅದನ್ನು ನಂಬದೆ, ನಿಮ್ಮ ಖಾತೆಯನ್ನೇ ನೋಡಿ ಡೈರಿಯಲ್ಲಿ ಬರೆದುಕೊಳ್ಳಿ.

‘ಸ್ವಲ್ಪ ಕಡಿಮೆ ಮಾಡಿ’ ಎಂದಾಗ

ಇದು ಬಂದೇ ಬರುತ್ತದೆ, ಮತ್ತು ಇದು ಒಳ್ಳೆಯ ಲಕ್ಷಣ. ಬೇಡವೆನ್ನುವವರು ಚೌಕಾಸಿ ಮಾಡುವುದಿಲ್ಲ. ಆದರೆ ಅದೇ ಕೆಲಸಕ್ಕೆ ದರ ಇಳಿಸಿದರೆ ನಿಮ್ಮ ಮೊದಲ ದರ ಸುಳ್ಳೆಂದು ನೀವೇ ಒಪ್ಪಿಕೊಂಡಂತೆ. ಮುಂದಿನ ವರ್ಷ ಆ ಮನೆಯ ತಂಗಿಯ ಮದುವೆಗೆ ಇಳಿಸಿದ ದರದಿಂದಲೇ ಮಾತು ಶುರುವಾಗುತ್ತದೆ. ದರದ ಬದಲು ಕೆಲಸವನ್ನು ಕಡಿಮೆ ಮಾಡಿ:

> 20,000ದೊಳಗೆ ಬೇಕೆಂದರೆ ಹೀಗೆ ಮಾಡಬಹುದು: ಅಮ್ಮ ಮತ್ತು ಅಕ್ಕನ ಅಲಂಕಾರ ಬಿಟ್ಟು, ನಮ್ಮನ್ನು ಕರೆತಂದು ಬಿಡಲು ನಿಮ್ಮದೇ ಗಾಡಿ ಕಳಿಸಿದರೆ ₹18,000 ಆಗುತ್ತದೆ. ಮದುಮಗಳ ಕೆಲಸದಲ್ಲಿ ಏನೂ ಕಡಿಮೆಯಾಗುವುದಿಲ್ಲ. ಯಾವುದು ಅನುಕೂಲ ಹೇಳಿ.

ಸಿರುಗುಪ್ಪದ ಮನೆಯಲ್ಲಿ ಮದುವೆಗೆಂದು ಗಾಡಿ ಹೇಗೂ ಓಡಾಡುತ್ತಿರುತ್ತದೆ. 2,500 ಉಳಿದರೆ ಅವರಿಗೆ ನಿಜವಾದ ಉಳಿತಾಯ, ನಿಮಗೆ ನಷ್ಟವಿಲ್ಲ. ಅನೇಕ ಬಾರಿ ಅವರು ಗಾಡಿ ಕಳಿಸಲು ಒಪ್ಪಿ ಅಮ್ಮ–ಅಕ್ಕನ ಅಲಂಕಾರವನ್ನು ಉಳಿಸಿಕೊಳ್ಳುತ್ತಾರೆ, 21,000ಕ್ಕೆ ಮಾತು ಮುಗಿಯುತ್ತದೆ. ಮುಂಗಡದ ಮೆಸೇಜಿನಲ್ಲಿ ಉಳಿದ ಮೊತ್ತವನ್ನು 16,000 ಎಂದು ತಿದ್ದುವುದನ್ನು ಮರೆಯಬೇಡಿ. ಒಂದು ಕಡೆ ಒಂದು ಅಂಕಿ, ಇನ್ನೊಂದು ಕಡೆ ಇನ್ನೊಂದು ಇದ್ದರೆ ಮುಹೂರ್ತದ ದಿನ ಅದೇ ವಾದಕ್ಕೆ ಕಾರಣವಾಗುತ್ತದೆ.

ಸುಮ್ಮನಾದರೆ

ಹಿಡಿದಿಟ್ಟ ಗಡುವಿನ ದಿನ ಮಧ್ಯಾಹ್ನ ಒಂದೇ ಒಂದು ಮೆಸೇಜ್ ಸಾಕು:

> ನಮಸ್ಕಾರ. ಫೆಬ್ರವರಿ 12ನ್ನು ಇಂದು ಸಂಜೆ 6ರವರೆಗೆ ನಿಮಗಾಗಿ ಇಟ್ಟಿದ್ದೇನೆ. ಇನ್ನೂ ಮಾತುಕತೆ ನಡೆಯುತ್ತಿದ್ದರೆ ತಿಳಿಸಿ, ಒಂದು ದಿನ ಮುಂದುವರಿಸುತ್ತೇನೆ. ಬೇರೆಯವರನ್ನು ಗೊತ್ತು ಮಾಡಿದ್ದರೂ ಹೇಳಿ, ಬೇಸರವಿಲ್ಲ.

ಕೊನೆಯ ವಾಕ್ಯಕ್ಕೆ ಉತ್ತರ ಬರುವುದು ಹೆಚ್ಚು. ಇಲ್ಲವೆಂದು ಹೇಳಲು ಜನರಿಗೆ ಸಂಕೋಚ, ಆ ಸಂಕೋಚವನ್ನು ನೀವೇ ತೆಗೆದಿರಿ. ಅದಾದ ಮೇಲೂ ಮೌನವೆಂದರೆ ದಿನವನ್ನು ಬಿಟ್ಟುಬಿಡಿ, ಮತ್ತೆ ಬರೆಯಬೇಡಿ.

ಎಲ್ಲಿ ಸೋರುತ್ತಿದೆ ಎಂದು ತಿಳಿಯುವುದು

ಡೈರಿಯ ಕೊನೆಯ ಪುಟದಲ್ಲಿ ನಾಲ್ಕು ಅಂಕಣ ಹಾಕಿ: ವಿಚಾರಿಸಿದವರು, ದಿನಾಂಕ ಹೇಳಿದವರು, ಒಪ್ಪಿದವರು, ಮುಂಗಡ ಕೊಟ್ಟವರು. ಒಂದು ಮದುವೆ ಹಂಗಾಮು ಗೆರೆ ಎಳೆಯುತ್ತಾ ಹೋಗಿ. ದರ ಹೇಳಿದ ಮೇಲೆ ದಿನಾಂಕವೇ ಬಾರದಿದ್ದರೆ, ಮೊದಲು ಉತ್ತರ ಕಳಿಸಿದ ಹೊತ್ತನ್ನು ನೋಡಿ. ಮರುದಿನ ಸಂಜೆ ಉತ್ತರಿಸಿದ್ದರೆ ತಪ್ಪು ದರದ್ದಾಗಿರಲಾರದು. ಬೇಗ ಉತ್ತರಿಸಿಯೂ ಹೀಗಾದರೆ, ನಿಮ್ಮ ಫೋಟೊಗಳು ತೋರಿಸುವ ಕೆಲಸಕ್ಕೂ ಕೇಳುವ ಹಣಕ್ಕೂ ಹೊಂದಿಕೆಯಿದೆಯೇ ಎಂದು ಯೋಚಿಸಬೇಕು. ದಿನಾಂಕ ಹೇಳಿ ಒಟ್ಟು ಮೊತ್ತ ಕಂಡು ಹಿಂದೆ ಸರಿಯುವವರು ಹೆಚ್ಚಿದ್ದರೆ, ಮೊದಲ ಉತ್ತರದಲ್ಲಿ ಹೇಳದ ಖರ್ಚೊಂದು ಎರಡನೆಯದರಲ್ಲಿ ಎದುರಾಗುತ್ತಿದೆ. ಸಾಮಾನ್ಯವಾಗಿ ಅದು ಪ್ರಯಾಣದ್ದು. ಸಿರುಗುಪ್ಪ, ಕುರುಗೋಡು, ಸಂಡೂರು, ಹೊಸಪೇಟೆಗಳ ಕಾರಿನ ಖರ್ಚನ್ನು ಒಂದೊಂದು ಸಾಲಿನಲ್ಲಿ ಮೊದಲ ಉತ್ತರಕ್ಕೇ ಸೇರಿಸಿ ನೋಡಿ. ಒಪ್ಪಿದವರು ಮುಂಗಡದ ಹೊತ್ತಿಗೆ ನಿಂತುಹೋಗುತ್ತಿದ್ದರೆ ಮೊತ್ತ ಹೆಚ್ಚಾಯಿತು, ಇಲ್ಲವೇ ಹಿಂದಿರುಗಿಸುವ ನಿಯಮ ಅವರಿಗೆ ಹಿಡಿಸಲಿಲ್ಲ.

ದರ ಬದಲಿಸುವುದಿದ್ದರೆ ಆಷಾಢದಲ್ಲಿ ಬದಲಿಸಿ. ಆಗ ವಿಚಾರಣೆ ಕಡಿಮೆ, ಮುಂದಿನ ಹಂಗಾಮಿಗೆ ಕೇಳುವವರಿಗೆಲ್ಲ ಒಂದೇ ಅಂಕಿ ಹೋಗುತ್ತದೆ. ಎರಡೂ ಆ್ಯಪ್‌ಗಳಲ್ಲಿ, ಕನ್ನಡ ಮತ್ತು ತೆಲುಗು ಎರಡೂ ರೂಪಗಳಲ್ಲಿ ಅದೇ ದಿನ ತಿದ್ದಿ. ಹಳೆಯ ದರ ಕೇಳಿ ಹೋದವರು ಮತ್ತೆ ಬಂದರೆ, ಅವರಿಗೆ ಬರೆದದ್ದು ನಿಮ್ಮ ಚಾಟ್‌ನಲ್ಲೇ ಇರುತ್ತದೆ. ಮೇಲಕ್ಕೆ ಸರಿಸಿ ನೋಡಿ, ಅವರಿಗೆ ಆಗ ಹೇಳಿದ ದರವನ್ನೇ ಕೊಡಿ.